ಹಕ್ಕಿ ಬಳಗಕ್ಕೆ ಹೊಸಬರು ಬಂದಾಗ: ಮಾತು ಬೆಳೆಯುವಂತೆ ಸ್ವಾಗತಿಸುವುದು ಹೇಗೆ?

ಹಕ್ಕಿ ನೋಡುವವರ ವಾಟ್ಸಾಪ್ ಬಳಗಕ್ಕೆ ಹೊಸಬರೊಬ್ಬರು ಸೇರುತ್ತಾರೆ. "ಎಲ್ಲರಿಗೂ ನಮಸ್ಕಾರ. ಹಕ್ಕಿಗಳ ಬಗ್ಗೆ ಆಸಕ್ತಿ ಇದೆ, ಕಲಿಯಬೇಕು" ಎಂದು ಎರಡು ಸಾಲು ಹಾಕುತ್ತಾರೆ. ಹಿಂದೆಯೇ ಹತ್ತು ಹನ್ನೆರಡು ಕೈಮುಗಿದ ಚಿತ್ರ, ನಾಲ್ಕು ಹೂಗುಚ್ಛ, "ಸುಸ್ವಾಗತ" ಎಂದು ಮಿನುಗುವ ಒಂದು ಸ್ಟಿಕರ್. ಹೊಸಬರು "ಧನ್ಯವಾದ" ಅನ್ನುತ್ತಾರೆ. ಅದಾದ ಮೇಲೆ ಅವರ ದನಿಯೇ ಕೇಳಿಸುವುದಿಲ್ಲ. ಆರು ತಿಂಗಳ ನಂತರ ಪಟ್ಟಿ ನೋಡಿದರೆ ಸಂಖ್ಯೆ ಅಲ್ಲೇ ಇರುತ್ತದೆ, ಮನುಷ್ಯರು ಮಾತ್ರ ಇರುವುದಿಲ್ಲ.

ಇದು ಆಸಕ್ತಿ ಇಲ್ಲದ್ದಕ್ಕೆ ಆಗುವುದಲ್ಲ, ಮಾತಾಡಲು ಏನೂ ಸಿಗದೆ ಆಗುವುದು. ಎದುರಿಗೆ ನೋಡಿದರೆ ಉದ್ದ ಲೆನ್ಸಿನ ಚಿತ್ರಗಳು, ಇಂಗ್ಲಿಷ್ ಹೆಸರುಗಳು, "ಗಂಡೋ, ಮರಿಯೋ?" ಎಂಬ ಚರ್ಚೆ. ತಮ್ಮ ಬಾಯಿಗೆ ಬರುವ ಯಾವ ಮಾತೂ ಅಲ್ಲಿ ಸಣ್ಣದಾಗಿ ಕಾಣುತ್ತದೆ ಎಂದು ಹೊಸಬರು ಸುಮ್ಮನಾಗುತ್ತಾರೆ. ಸ್ವಾಗತದ ಮಾತಿಗಿರುವ ಕೆಲಸ ಒಂದೇ. ಹೆಸರು ಗೊತ್ತಿಲ್ಲದವರೂ ಕೂತಲ್ಲಿಂದಲೇ ಉತ್ತರಿಸಬಹುದಾದ ಒಂದು ಪ್ರಶ್ನೆಯನ್ನು ಅವರ ಕೈಗಿಡುವುದು.

ಮೊದಲು ಅವರ ಎರಡು ಸಾಲನ್ನು ಓದಿ

ಒಂದು ಉದಾಹರಣೆಯನ್ನೇ ಹಿಡಿದು ಹೋಗೋಣ. ಫೆಬ್ರವರಿ ಕೊನೆಯ ವಾರ ಒಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: "ನಮಸ್ಕಾರ. ನಾನು ತಿಪಟೂರಿನ ಹತ್ತಿರದವಳು, ಶಾಲೆಯಲ್ಲಿ ಟೀಚರ್. ಹಕ್ಕಿಗಳ ಬಗ್ಗೆ ಏನೂ ಗೊತ್ತಿಲ್ಲ. ಮನೆ ಮುಂದೆಯೇ ತೆಂಗಿನ ತೋಟ ಇರೋದರಿಂದ ದಿನಾ ಹಕ್ಕಿ ಬರ್ತವೆ."

ಇದರಲ್ಲಿ ಹಿಡಿದೆಳೆಯಬಹುದಾದ ಎಳೆಗಳು ನಾಲ್ಕಿವೆ: ಊರು, ಕೆಲಸ, ಏನೂ ಗೊತ್ತಿಲ್ಲವೆಂಬ ಸಂಕೋಚ, ತೋಟ. ಹೆಚ್ಚಿನವರು ಕೆಲಸದ ಎಳೆ ಹಿಡಿಯುತ್ತಾರೆ. "ತುಂಬಾ ಸಂತೋಷ ಮೇಡಂ, ಶಾಲೆ ಮಕ್ಕಳಿಗೂ ಹಕ್ಕಿ ಪರಿಚಯ ಮಾಡಿಸಿ" ಅನ್ನುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಬಂದ ದಿನವೇ ಅವರ ತಲೆಗೊಂದು ಹೊರೆ ಹೊರಿಸಿದಂತಾಯಿತು. ಸಂಕೋಚದ ಎಳೆ ಹಿಡಿದು "ಚಿಂತೆ ಬೇಡ, ನಾವೆಲ್ಲ ಹಾಗೇ ಶುರು ಮಾಡಿದ್ದು" ಎಂದರೆ ಸಮಾಧಾನವಾಗುತ್ತದೆ, ಮುಂದಕ್ಕೆ ದಾರಿ ಸಿಗುವುದಿಲ್ಲ. ಊರಿನ ಎಳೆ ಹಿಡಿದರೆ ಮಾತು ಕೊಬ್ಬರಿ ಮಾರುಕಟ್ಟೆಯ ಕಡೆ ತಿರುಗುವ ಸಂಭವವೇ ಹೆಚ್ಚು.

ಹಿಡಿಯಬೇಕಾದ್ದು ತೋಟವನ್ನು. ಅಲ್ಲಿ ಹಕ್ಕಿ ಇದೆ, ಅವರು ಅದನ್ನು ದಿನಾ ನೋಡುತ್ತಾರೆ, ಬಳಗದ ಉಳಿದ ನೂರೈವತ್ತು ಜನರಲ್ಲಿ ಯಾರೂ ಅದನ್ನು ನೋಡಿಲ್ಲ. ಆ ತೋಟದ ಮಟ್ಟಿಗೆ ಬಲ್ಲವರು ಅವರೊಬ್ಬರೇ. ಪರಿಚಯದ ಸಾಲುಗಳಲ್ಲಿ ಮರ, ನೀರು, ಕಿಟಕಿ, ತಾರಸಿ, ದಾರಿ, ಕೆರೆ ಇಂಥ ಜಾಗದ ಹೆಸರು ಕಂಡರೆ ಅದನ್ನೇ ಹಿಡಿಯಿರಿ. ಕಾಣದಿದ್ದರೆ ಋತುವನ್ನು ಹಿಡಿಯಬೇಕು. ಅದನ್ನು ಮುಂದೆ ನೋಡೋಣ.

ಪ್ರಶ್ನೆ ಕಟ್ಟುವುದು

ತೋಟದ ಬಗ್ಗೆ ಕೇಳುವುದಾದರೂ ಎಲ್ಲ ಪ್ರಶ್ನೆಯೂ ನಡೆಯುವುದಿಲ್ಲ. "ನಿಮ್ಮ ತೋಟದಲ್ಲಿ ಯಾವ ಯಾವ ಹಕ್ಕಿ ಇವೆ?" ಎನ್ನುವುದು ಎಲ್ಲರ ಬಾಯಿಗೂ ಮೊದಲು ಬರುವ ಪ್ರಶ್ನೆ, ಕೆಲಸಕ್ಕೆ ಬಾರದ ಪ್ರಶ್ನೆಯೂ ಹೌದು. ಹೆಸರು ಗೊತ್ತಿಲ್ಲ ಎಂದವರನ್ನೇ ಹೆಸರು ಕೇಳಿದಂತಾಯಿತು. "ಕಾಗೆ, ಗುಬ್ಬಿ, ಗಿಳಿ" ಎಂದು ಅವರು ಬರೆದರೆ ಮುಂದೆ ಯಾರಿಗೂ ಮಾತಿಲ್ಲ. "ತೋಟದಲ್ಲಿ ಮರಕುಟಿಗ ಇದೆಯಾ?" ಎಂದರೆ ಉತ್ತರ ಹೌದು ಅಥವಾ ಇಲ್ಲ, ಒಂದೇ ಪದ. "ಬೈನಾಕ್ಯುಲರ್ ಯಾವುದು ಇಟ್ಟುಕೊಂಡಿದ್ದೀರಿ?" ಎಂದು ಕೇಳುವವರೂ ಇದ್ದಾರೆ. ಇಲ್ಲದವರಿಗೆ ಅದು ಬಾಗಿಲಲ್ಲೇ ನಿಲ್ಲಿಸಿ ಟಿಕೆಟ್ ಕೇಳಿದ ಹಾಗೆ.

ಒಳ್ಳೆಯ ಪ್ರಶ್ನೆಗೆ ಮೂರು ಗುಣ ಇರಬೇಕು. ಒಂದು ನಿಮಿಷದಲ್ಲಿ, ನೆನಪಿನಿಂದಲೇ ಉತ್ತರಿಸುವಂತಿರಬೇಕು. ಹಕ್ಕಿಯ ಹೆಸರು ಬೇಕಾಗಬಾರದು. ಮೂರನೆಯದನ್ನು ಜನ ಮರೆಯುವುದೇ ಹೆಚ್ಚು: ಪ್ರಶ್ನೆಗೆ ಕವಲು ಇರಬೇಕು. ಅಂದರೆ ಉತ್ತರ ಹೀಗೆ ಬಂದರೆ ಮುಂದೆ ಏನು ಕೇಳಬೇಕು, ಹಾಗೆ ಬಂದರೆ ಏನು ಎಂಬುದು ಕೇಳುವವರಿಗೆ ಮೊದಲೇ ಗೊತ್ತಿರಬೇಕು. ಎರಡೂ ಕವಲು ನಿಮಗೆ ಗೊತ್ತಿಲ್ಲದಿದ್ದರೆ ಆ ಪ್ರಶ್ನೆ ಬಿಟ್ಟು ಬೇರೆ ಹುಡುಕಿ.

ತಿಪಟೂರಿನವರಿಗೆ ಹೀಗೆ ಬರೆಯಬಹುದು:

"ಸ್ವಾಗತ ಮೇಡಂ. ತೋಟ ಮನೆ ಮುಂದೆಯೇ ಇದೆ ಅಂದಿರಿ. ಬೆಳಿಗ್ಗೆ ಬಾಗಿಲು ತೆಗೆದಾಗ ಆ ಕಡೆಯಿಂದ ಮೊದಲು ಕೇಳೋ ಕೂಗು ಹೇಗಿರುತ್ತೆ? ಹೆಸರು ಬೇಡ, ಕಿವಿಗೆ ಬಿದ್ದ ಹಾಗೇ ಬರೆಯಿರಿ."

ಇಪ್ಪತ್ತು ಪದ ಚಿಲ್ಲರೆ, ಅಷ್ಟೇ. ಸ್ವಾಗತ ಒಂದು ಪದದಲ್ಲಿ ಮುಗಿದಿದೆ. ಎರಡನೆಯ ಸಾಲು ಅವರು ಬರೆದದ್ದನ್ನು ಓದಿದ್ದೇವೆ ಎಂದು ತೋರಿಸುತ್ತದೆ. ಪ್ರಶ್ನೆ ಒಂದೇ ಇದೆ. ಎರಡು ಪ್ರಶ್ನೆ ಇಟ್ಟರೆ ಜನ ಸುಲಭದ್ದಕ್ಕೆ ಉತ್ತರಿಸುತ್ತಾರೆ, ನಾಲ್ಕಿಟ್ಟರೆ ಯಾವುದಕ್ಕೂ ಉತ್ತರಿಸುವುದಿಲ್ಲ. "ಹೆಸರು ಬೇಡ" ಎಂಬ ಎರಡು ಪದಗಳನ್ನಂತೂ ಬಿಡಲೇಬಾರದು, ಅವರ ಸಂಕೋಚ ಅರ್ಧ ಕಳೆಯುವುದು ಅಲ್ಲಿಯೇ. ಕೂಗನ್ನು ಕೇಳಿದ ಹಾಗೆ ಬರೆಯುವುದಕ್ಕೆ ಕನ್ನಡ ಒಳ್ಳೆ ಭಾಷೆ ಕೂಡ. ಕುಟ್ರು, ಟಿಟ್ಟಿಭ ಇವೆಲ್ಲ ಕೂಗಿನಿಂದಲೇ ಆದ ಹೆಸರುಗಳು.

ಇಲ್ಲೊಂದು ಎಚ್ಚರ. "ಟುಕ್ ಟುಕ್ ಅಂತಲೋ, ಕೀ ಕೀ ಅಂತಲೋ" ಎಂದು ನೀವೇ ಮಾದರಿ ಕೊಡಬೇಡಿ. ಕೊಟ್ಟರೆ ಅವರು ಅದರಲ್ಲೇ ಒಂದನ್ನು ಆರಿಸಿ ಬರೆಯುತ್ತಾರೆ. ನಿಜವಾಗಿ ಕೇಳಿದ್ದು ಬೇರೆಯೇ ಇರಬಹುದು.

ಸಂಬೋಧನೆಯಲ್ಲೂ ಸ್ವಲ್ಪ ಗಮನ ಇರಲಿ. ಈ ಪರಿಚಯದಲ್ಲಿ "ತಿಪಟೂರಿನ ಹತ್ತಿರದವಳು, ಶಾಲೆಯಲ್ಲಿ ಟೀಚರ್" ಎಂದಿದ್ದರಿಂದ ಮೇಡಂ ಎನ್ನಲು ತೊಂದರೆಯಿಲ್ಲ. ಬರಿಯ ಸಂಖ್ಯೆ ಅಥವಾ ಹೂವಿನ ಚಿತ್ರ ಮಾತ್ರ ಇದ್ದರೆ ಸರ್, ಮೇಡಂ ಎರಡೂ ಬೇಡ, "ಸ್ವಾಗತ, ನಿಮ್ಮ ಊರ ಕಡೆ..." ಎಂದು ಶುರು ಮಾಡಿದರಾಯಿತು. ಕಾಲೇಜು ಹುಡುಗ ಎಂದು ಗೊತ್ತಿದ್ದರೂ ಮೊದಲ ಮಾತು ಬಹುವಚನದಲ್ಲೇ ಇರಲಿ.

ಯಾರು ಬರೆಯಬೇಕು, ಉಳಿದವರು ಏನು ಮಾಡಬೇಕು

ಬಳಗದಲ್ಲಿ ಇಬ್ಬರು ಮೂವರು ಈ ಕೆಲಸವನ್ನು ಸರದಿಯ ಮೇಲೆ ವಹಿಸಿಕೊಳ್ಳುವುದು ಒಳ್ಳೆಯದು. ಸೇರಿದ ದಿನವೇ, ತಡವಾದರೆ ಮರುದಿನ ಬೆಳಿಗ್ಗೆಯೊಳಗೆ ಪ್ರಶ್ನೆ ಹೋಗಬೇಕು. ಪರಿಚಯದ ಸಂದೇಶವನ್ನೇ ಒತ್ತಿ ಹಿಡಿದು ಅದಕ್ಕೇ ಉತ್ತರವಾಗಿ ಬರೆಯಿರಿ. ಬಿಡಿಯಾಗಿ ಹಾಕಿದರೆ ನಡುವೆ ಹತ್ತು ಚಿತ್ರ ಬಂದಾಗ ಯಾರಿಗೆ ಹೇಳಿದ್ದು ಎಂಬುದೇ ಗೊತ್ತಾಗುವುದಿಲ್ಲ.

ಉಳಿದವರು ಸ್ವಾಗತ ಹೇಳುವುದಾದರೆ ಹೊಸ ಸಂದೇಶ ಹಾಕದೆ, ಆ ಪ್ರಶ್ನೆಯ ಮೇಲೆಯೇ ಒಂದು ಹೃದಯವನ್ನೋ ಕೈಮುಗಿದದ್ದನ್ನೋ ಒತ್ತಿದರೆ ಸಾಕು. ಹದಿನೈದು ಸ್ಟಿಕರ್ ಬಂದರೆ ಪ್ರಶ್ನೆ ಪರದೆಯಿಂದ ಮೇಲೆ ಹೋಗಿಬಿಡುತ್ತದೆ. ಹೊಸಬರು ತೆರೆದಾಗ ಕಾಣುವುದು ಸ್ಟಿಕರ್ ಮಾತ್ರ, ಅದಕ್ಕೆ ಕೊಡಬಹುದಾದ ಉತ್ತರ "ಧನ್ಯವಾದ" ಮಾತ್ರ. ಬಳಗದ ನಿಯಮಗಳ ಇಪ್ಪತ್ತು ಸಾಲಿನ ಪಟ್ಟಿಯನ್ನೂ ಸ್ವಾಗತದ ಜೊತೆ ಸುರಿಯಬೇಡಿ. ಅದು ಬಳಗದ ವಿವರಣೆಯಲ್ಲಿ ಇರಲಿ.

ಹೊಸಬರ ಖಾಸಗಿ ಸಂಖ್ಯೆಗೆ ನೇರವಾಗಿ ಬರೆಯುವುದು ಬೇಡ. ಸಹಾಯ ಮಾಡುವ ಉದ್ದೇಶವೇ ಇರಬಹುದು, ಆದರೆ ಹೆಣ್ಣುಮಕ್ಕಳು ಇಂಥ ಬಳಗ ಬಿಡುವುದಕ್ಕೆ ಅದೊಂದೇ ಸಾಕಾಗುತ್ತದೆ. ಮಾತು ಎಲ್ಲರೆದುರು ನಡೆಯಲಿ. ಅದನ್ನು ಓದುತ್ತಾ ಸುಮ್ಮನಿರುವ ಇನ್ನೂ ಹಲವರಿಗೆ ಬಾಯಿ ಬರುವುದೂ ಹಾಗೆಯೇ.

ಉತ್ತರ ಬಂದ ಮೇಲೆ

ಅವರು ಹೀಗೆ ಬರೆದರು ಎನ್ನಿ: "ಆರು ಗಂಟೆಗೇ ಟಂಕ್ ಟಂಕ್ ಟಂಕ್ ಅಂತ ಶುರು ಮಾಡುತ್ತೆ, ನಿಲ್ಲಿಸೋದೇ ಇಲ್ಲ. ತಲೆ ಎತ್ತಿ ನೋಡಿದ್ರೆ ಏನೂ ಕಾಣಲ್ಲ."

ಬಲ್ಲವರಿಗೆ ಇದು ಗೊತ್ತೇ ಇದೆ, ಕಂಚುಗಾರ ಹಕ್ಕಿ. ಬೆರಳು ಆಗಲೇ ಕೀಲಿಮಣೆಯ ಮೇಲೆ ಇರುತ್ತದೆ. ಮಾತು ಸಾಯುವುದು ಇಲ್ಲಿಯೇ. ಹೆಸರು ಹೇಳಿದರೆ ಅವರು "ಓ, ಧನ್ಯವಾದ" ಅನ್ನುತ್ತಾರೆ, ಹಕ್ಕಿಯನ್ನು ಇನ್ನೂ ನೋಡಿರುವುದಿಲ್ಲ. ಕಾಣದ ಹಕ್ಕಿಯ ಹೆಸರು ವಾರದೊಳಗೆ ಮರೆತುಹೋಗುತ್ತದೆ. ಆದ್ದರಿಂದ ಎರಡನೆಯ ಮಾತು ಹೆಸರಿಗೆ ಬದಲಾಗಿ ಹಕ್ಕಿಯ ಕಡೆಗೆ ಕೈತೋರಿಸಬೇಕು:

"ಕಾಣದೇ ಇರೋದು ನಿಮ್ಮ ತಪ್ಪಲ್ಲ. ಅದು ಕೂಗುವಾಗ ತಲೆ ಆ ಕಡೆ ಈ ಕಡೆ ತಿರುಗಿಸುತ್ತೆ, ಅದಕ್ಕೇ ದನಿ ಎಲ್ಲಿಂದ ಬರ್ತಿದೆ ಅಂತ ತಿಳಿಯಲ್ಲ. ಗುಬ್ಬಿಗಿಂತ ಸ್ವಲ್ಪ ದಪ್ಪ, ಎಲೆ ಬಣ್ಣ. ತೋಟದ ಅಂಚಿನಲ್ಲಿ ಅರಳಿ, ಆಲ, ಅತ್ತಿ ಯಾವುದಾದರೂ ಇದೆಯಾ? ಇದ್ದರೆ ಬಿಸಿಲು ಬಿದ್ದ ಮೇಲೆ ಅದರ ತುದಿಯ ಒಣ ರೆಂಬೆ ನೋಡಿ."

ಇದರಲ್ಲಿ ಹೇಳಿದ್ದಕ್ಕೆಲ್ಲ ಕಾರಣ ಇದೆ. ಈ ಹಕ್ಕಿಗೆ ಆಲದ ಜಾತಿಯ ಹಣ್ಣು ಇಷ್ಟ, ಬೆಳಗಿನ ಎಳೆಬಿಸಿಲಿಗೆ ಬೋಳು ತುದಿಯಲ್ಲಿ ಕೂರುವ ಅಭ್ಯಾಸವೂ ಇದೆ. ಎಲೆಯ ನಡುವೆ ಹುಡುಕಿ ಸೋತವರಿಗೆ ಅದು ಕಾಣುವುದು ಅಲ್ಲಿಯೇ. ಮರ ಇದೆ ಎಂದರೆ ನಾಳೆ ನೋಡಲು ಒಂದು ಜಾಗ ಸಿಕ್ಕಿತು. ಇಲ್ಲ ಎಂದರೆ "ಹಾಗಾದರೆ ಹಣ್ಣಿನ ಮರ ಯಾವುದಿದೆ?" ಎಂಬ ಇನ್ನೊಂದು ಕವಲು ತೆರೆಯುತ್ತದೆ.

ಮೊದಲ ಉತ್ತರ ಬೇರೆ ಬಂದಿದ್ದರೆ? "ಟಂಕ್" ಎನ್ನುವ ಬದಲು "ಕುಟ್ರೂ... ಕುಟ್ರೂ" ಎಂದು ಎರಡು ತುಂಡಾಗಿ ಬರೆದಿದ್ದರೆ ಅದು ದೊಡ್ಡ ಕುಟ್ರುಹಕ್ಕಿಗಳಲ್ಲಿ ಒಂದು. ಅದಕ್ಕೆ ಬೋಳು ತುದಿ ತೋರಿಸಿ ಪ್ರಯೋಜನವಿಲ್ಲ, ದಟ್ಟ ಎಲೆಯೊಳಗೆ ನೋಡಲು ಹೇಳಬೇಕು. "ಊಪ್ ಊಪ್ ಊಪ್" ಎಂದು ಆಳದ ದನಿ ಬರೆದಿದ್ದರೆ ಕಣ್ಣನ್ನು ಮರದಿಂದ ಇಳಿಸಿ, ಪೊದೆಯ ಬುಡದಲ್ಲಿ ನಡೆದಾಡುವ ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣಿನ ಹಕ್ಕಿ ಕಂಡಿದೆಯೇ ಎಂದು ಕೇಳಬಹುದು. ಅದು ಕೆಂಬೂತ. ನವಿಲನ್ನು ನೋಡಿ ಪುಕ್ಕ ಕೆದರಿತು ಎಂದು ನಾವೆಲ್ಲ ಗಾದೆಯಲ್ಲಿ ಆಡಿಕೊಳ್ಳುವ ಹಕ್ಕಿ ಮನೆಯಂಗಳದಲ್ಲೇ ಓಡಾಡುತ್ತಿದೆ ಎಂದು ಗೊತ್ತಾದರೆ ಯಾರೂ ಸುಮ್ಮನಿರುವುದಿಲ್ಲ.

ಗಾತ್ರ ಹೇಳುವಾಗ ಸೆಂಟಿಮೀಟರ್ ಬಿಡಿ. ಗುಬ್ಬಿ, ಗೊರವಂಕ, ಕಾಗೆ, ಹದ್ದು ಎಂಬ ನಾಲ್ಕು ಅಳತೆಗೋಲು ಸಾಕು. "ಗೊರವಂಕಕ್ಕಿಂತ ಸಣ್ಣದೋ ದೊಡ್ಡದೋ?" ಎಂದರೆ ಎಂಥವರೂ ಉತ್ತರಿಸುತ್ತಾರೆ.

ಎರಡು ದಿನ ಕಳೆದು ಅವರು "ಅರಳಿ ಮರದ ತುದೀಲಿ ಕಂಡಿತು! ಹಣೆ ಕೆಂಪು, ಕುತ್ತಿಗೆ ಹಳದಿ" ಎಂದು ಬರೆದಾಗ ಹೆಸರು ಹೇಳಿ. ಕಂಚುಗಾರ ತಾಮ್ರದ ತಗಡು ಬಡಿದಂತೆ ಕೂಗುವುದರಿಂದ ಆ ಹೆಸರು ಎಂಬ ಒಂದು ಸಾಲೂ ಇರಲಿ. ಅದರ ಹಿಂದೆಯೇ ಮೂರನೆಯ ಪ್ರಶ್ನೆ: "ನಿಮ್ಮ ಕಡೆ ಇದಕ್ಕೆ ಏನಂತಾರೆ? ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ." ಕನ್ನಡದ ಹಕ್ಕಿ ಬಳಗಗಳಲ್ಲಿ ಇಷ್ಟು ಫಲ ಕೊಡುವ ಪ್ರಶ್ನೆ ಇನ್ನೊಂದಿಲ್ಲ. ಒಂದೇ ಹಕ್ಕಿಗೆ ತಾಲ್ಲೂಕಿಗೊಂದು ಹೆಸರು ಇರುತ್ತದೆ. ಉತ್ತರ ಯಾವುದೇ ಬರಲಿ ಧಾರವಾಡದವರು, ಶಿರಸಿಯವರು, ಕೊಳ್ಳೇಗಾಲದವರು ತಮ್ಮ ತಮ್ಮ ಹೆಸರು ಹಿಡಿದು ಬರುತ್ತಾರೆ. ಅಲ್ಲಿಂದ ಮುಂದೆ ಸ್ವಾಗತಿಸಿದವರು ಪಕ್ಕಕ್ಕೆ ಸರಿದುಬಿಡಬಹುದು.

ಹೆಸರು ತಡೆಹಿಡಿಯುವುದಕ್ಕೂ ಮಿತಿ ಇದೆ. ಅವರೇ ನೇರವಾಗಿ "ಇದರ ಹೆಸರೇನು?" ಎಂದು ಕೇಳಿದರೆ ಕೂಡಲೇ ಹೇಳಿ. ಸತಾಯಿಸಿದರೆ ಅದು ಪರೀಕ್ಷೆಯಾಗುತ್ತದೆ. ಗಾಯಗೊಂಡ ಹಕ್ಕಿ, ಗಾಳಿಪಟದ ದಾರಕ್ಕೆ ಸಿಕ್ಕಿದ ಹಕ್ಕಿ ಎಂದು ಬಂದವರ ಹತ್ತಿರ ಈ ಯಾವ ಕ್ರಮವೂ ಬೇಡ, ಮೊದಲು ನೆರವಿಗೆ ಯಾರನ್ನು ಕರೆಯಬೇಕು ಎಂಬುದನ್ನು ತಿಳಿಸಬೇಕು. ಇನ್ನು ಅವರು ತಪ್ಪು ಹೆಸರಿನಲ್ಲಿ ಬರೆದರೆ, ರಾಟವಾಳವನ್ನು ಗುಬ್ಬಿ ಎಂದರೆ, ಮೊದಲ ದಿನವೇ ತಿದ್ದಬೇಡಿ. "ಕೊಕ್ಕು ದಪ್ಪಗಿತ್ತಾ? ಗುಂಪಾಗಿ ಹುಲ್ಲಿನ ತೆನೆ ಮೇಲೆ ಕೂತಿದ್ದವಾ?" ಎಂದು ಕೇಳಿದರೆ ಅವರೇ ಇನ್ನೊಮ್ಮೆ ನೋಡುತ್ತಾರೆ.

ಪರಿಚಯವೇ ಹೇಳದವರಿಗೆ

ಲಿಂಕ್ ಒತ್ತಿ ಸೇರಿ ಸುಮ್ಮನಿರುವವರೇ ಬಹಳ. ಇವರಿಗೆ "ನಿಮ್ಮ ಬಗ್ಗೆ ಹೇಳಿ" ಎಂದರೆ ಇನ್ನೂ ಮುದುಡುತ್ತಾರೆ. ಊರು ಗೊತ್ತಿಲ್ಲ, ಜಾಗ ಗೊತ್ತಿಲ್ಲ, ಆದರೆ ತಿಂಗಳು ಯಾವುದೆಂದು ಗೊತ್ತು. ಆ ತಿಂಗಳಲ್ಲಿ ಎಲ್ಲೆಡೆ ಕಾಣುವ, ಕೇಳುವ ಒಂದನ್ನು ಆರಿಸಿ.

ಏಪ್ರಿಲ್, ಮೇ ಆದರೆ ಕೋಗಿಲೆ ಸಾಕು. "ನಿಮ್ಮ ಬೀದಿಯ ಕೋಗಿಲೆ ಎಷ್ಟು ಗಂಟೆಗೆ ಶುರು ಮಾಡುತ್ತೆ?" ಎಂದು ಕೇಳಿ. ನಾಲ್ಕೂವರೆ ಎಂದು ನಿದ್ದೆಗೆಟ್ಟವರು ದೂರುತ್ತಾರೆ, ದೂರಿನಷ್ಟು ಸಲೀಸಾಗಿ ಬರುವ ಮಾತು ಬೇರೆ ಇಲ್ಲ. ಮುಂದಿನ ಕವಲು: ಕುಹೂ ಎನ್ನುವುದು ಗಂಡು, ಕಪ್ಪು ಮೈ ಕೆಂಪು ಕಣ್ಣು. ಚುಕ್ಕೆ ಚುಕ್ಕೆಯ ಕಂದು ಹೆಣ್ಣನ್ನು ಕಾಗೆ ಅಟ್ಟಿಸಿಕೊಂಡು ಹೋಗಿದ್ದು ಕಂಡಿದ್ದೀರಾ?

ಮಳೆಗಾಲಕ್ಕೆ ಗೀಜಗ. "ಬಸ್ಸಿನ ಕಿಟಕಿಯಿಂದ ಎಲ್ಲಾದರೂ ಗೀಜಗನ ಗೂಡು ತೂಗಾಡುತ್ತಿದ್ದದ್ದು ಕಂಡಿತೇ? ಕೆಳಗೆ ಉದ್ದ ಕೊಳವೆ ಇತ್ತೇ, ಇಲ್ಲ ಹೆಲ್ಮೆಟ್ಟಿನ ಹಾಗೆ ಅರ್ಧಕ್ಕೇ ನಿಂತಿತ್ತೇ?" ಗಂಡು ಅರ್ಧ ಗೂಡು ಕಟ್ಟಿ ಹೆಣ್ಣಿನ ಒಪ್ಪಿಗೆಗೆ ಕಾಯುತ್ತದೆ, ಹೆಣ್ಣು ಒಪ್ಪಿದ ಮೇಲೆ ಕೊಳವೆ ಮುಗಿಸುತ್ತದೆ. ಹಾಗಾಗಿ ಉತ್ತರ ಎರಡರಲ್ಲಿ ಯಾವುದೇ ಆದರೂ, ಹೇಳಲು ಒಂದು ಕಥೆ ನಿಮ್ಮ ಕೈಯಲ್ಲಿ ಸಿದ್ಧವಾಗಿರುತ್ತದೆ.

ನವೆಂಬರಿನಿಂದ ಫೆಬ್ರವರಿ ತನಕ ಕುಂಡೆಕುಸ್ಕ. ತಾರಸಿಯ ಮೇಲೆ, ಒದ್ದೆ ನೆಲದಲ್ಲಿ ಬಾಲ ಕುಣಿಸುತ್ತಾ ಓಡುವ ಹಕ್ಕಿ ಎಂದರೆ ಹೆಸರು ತಿಳಿಯದವರಿಗೂ ಚಿತ್ರ ಬರುತ್ತದೆ. ಬಣ್ಣ ಕೇಳಿ. ಅಚ್ಚ ಕಪ್ಪು ಬಿಳುಪಿನ ದೊಡ್ಡದಾದರೆ ಅದು ವರ್ಷವಿಡೀ ಇಲ್ಲೇ ಇರುವುದಾಗಿರಬಹುದು, ಬೂದು ಬೆನ್ನು, ಹೊಟ್ಟೆಯ ಕೆಳಗೆ ಹಳದಿ ಇದ್ದರೆ ಚಳಿಗಾಲಕ್ಕೆಂದು ಹಿಮಾಲಯದ ಕಡೆಯಿಂದಲೋ ಅದರಾಚೆಯಿಂದಲೋ ಬಂದದ್ದು.

ಕೇಳಬಾರದ ಒಂದು ಪ್ರಶ್ನೆ

ತೆಂಗಿನ ತೋಟದ ಮಾತು ಬಂದಾಗ ಬಲ್ಲವರಿಗೆ ಹೊಳೆಯುವ ಬಹಳ ಒಳ್ಳೆಯ ಪ್ರಶ್ನೆಯೊಂದಿದೆ: "ತಲೆ ಬಿದ್ದ ಬೋಳು ತೆಂಗಿನ ಮರ ನಿಂತಿದೆಯಾ, ಅದರಲ್ಲಿ ತೂತು ಇದೆಯಾ?" ಮರಕುಟಿಗ ಕೊರೆದ ಆ ತೂತಿಗೆ ಆಮೇಲೆ ಗಿಳಿ, ಗೊರವಂಕ, ಹಾಲಕ್ಕಿ ಬಂದು ಸೇರುತ್ತವೆ. ಕವಲಿಗೆ ಕೊರತೆಯಿಲ್ಲ. ಆದರೂ ದೊಡ್ಡ ಬಳಗದಲ್ಲಿ ಇದನ್ನು ಕೇಳಬೇಡಿ. ಫೆಬ್ರವರಿ, ಮಾರ್ಚ್ ಗಿಳಿ ಮರಿ ಮಾಡುವ ಕಾಲ. ಉತ್ತರವಾಗಿ ಬರುವುದು ಗೂಡಿನ ಚಿತ್ರ ಮತ್ತು ಊರಿನ ಹೆಸರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಗಿಳಿಗಳನ್ನು ಹಿಡಿಯುವುದು ಅಪರಾಧವಾದರೂ ಮರಿ ಕದಿಯುವವರು ಇದ್ದೇ ಇದ್ದಾರೆ, ನೂರೈವತ್ತು ಜನರ ಬಳಗದಲ್ಲಿ ಯಾರು ಓದುತ್ತಿದ್ದಾರೆಂದು ಹೇಳಲಾಗದು. ಚಿತ್ರ ಸಿಗಲೆಂದು ಹೊಸಬರು ಗೂಡಿನ ಹತ್ತಿರ ಪದೇ ಪದೇ ಹೋಗುವ ಅಪಾಯವೂ ಇದೆ. ಅವರಾಗಿಯೇ ಗೂಡಿನ ಚಿತ್ರ ಹಾಕಿದರೆ ಗದರಬೇಡಿ. "ಚಿತ್ರ ತೆಗೆದುಬಿಡಿ, ಗೂಡಿನ ಜಾಗ ಗುಟ್ಟಾಗಿರಲಿ. ದೂರದಿಂದ ನೋಡಿದಾಗ ಅಪ್ಪ ಅಮ್ಮ ಇಬ್ಬರೂ ಬಂದು ಹೋಗ್ತಿದ್ದವಾ?" ಎಂದರೆ ನಿಯಮವೂ ಮುಟ್ಟುತ್ತದೆ, ಮಾತೂ ನಿಲ್ಲುವುದಿಲ್ಲ. ಗೀಜಗನ ಗೂಡಿನ ಬಗ್ಗೆಯೂ ಆಕಾರ ಮಾತ್ರ ಕೇಳಬೇಕು, ಜಾಗ ಕೇಳಬಾರದು.

ಉತ್ತರ ಬಾರದಿದ್ದರೆ

ಎರಡು ದಿನ ಬಿಡಿ. "ಮೇಡಂ, ನನ್ನ ಪ್ರಶ್ನೆ ನೋಡಿದಿರಾ?" ಎಂದು ನೆನಪಿಸುವುದು ಬೇಡ, ಅದು ಸಾಲ ವಸೂಲಿಯ ಹಾಗೆ ಕೇಳಿಸುತ್ತದೆ. ಬಳಗದಲ್ಲಿ ತೆಂಗಿನ ತೋಟ ಇರುವ ಇನ್ನೊಬ್ಬರಿಗೆ ಅದೇ ಪ್ರಶ್ನೆ ಹಾಕಿ: "ಅರಸೀಕೆರೆ ಕಡೆ ತೋಟದಲ್ಲಿ ಬೆಳಿಗ್ಗೆ ಮೊದಲು ಕೂಗೋದು ಯಾವುದು?" ಅವರು "ನಮ್ಮಲ್ಲಿ ಮಡಿವಾಳ ಹಕ್ಕಿ, ಐದೂವರೆಗೇ ಸಿಳ್ಳೆ" ಎಂದು ಬರೆದರೆ, ತಿಪಟೂರಿನವರಿಗೆ ಹೇಳಲು ಈಗ ಒಂದು ಸಲೀಸಾದ ಮಾತು ಸಿಗುತ್ತದೆ: "ನಮ್ಮಲ್ಲಿ ಹಾಗಲ್ಲ."